ಟೊಮೆಟೊ ಏರಿದಾಗ ಹುಣಸೆಹಣ್ಣು ಎಷ್ಟು ತರಿಸಬೇಕು?

ಪ್ರಶ್ನೆ: ಕೋಲಾರದಲ್ಲಿ ತರಕಾರಿ, ದಿನಸಿ ಎರಡನ್ನೂ ಇಟ್ಟುಕೊಂಡು ಸಣ್ಣ ಅಂಗಡಿ ನಡೆಸುತ್ತಿದ್ದೇನೆ. ಟೊಮೆಟೊ ದರ ಏರಿದಾಗ ಹುಣಸೆಹಣ್ಣು ಹೆಚ್ಚಿಗೆ ತರಿಸಬೇಕೆ, ಕೊತ್ತಂಬರಿ ಸೊಪ್ಪು ಕಡಿಮೆ ಮಾಡಬೇಕೆ? ಅನುಭವವಿದ್ದವರು ತಿಳಿಸಿ.

ಕೋಲಾರದ ಮಂಡಿ ವರ್ತಕರು: 2023ರ ಜುಲೈನಲ್ಲಿ ನಮ್ಮ ಮಾರುಕಟ್ಟೆಯಲ್ಲಿ 15 ಕೆಜಿಯ ಬಾಕ್ಸ್ 2,000 ರೂಪಾಯಿ ದಾಟಿದಾಗ ಮನೆಮನೆಯಲ್ಲೂ ಸಾರಿಗೆ ಹುಣಸೆಹುಳಿಯೇ ಆಗಿತ್ತು. ಧೈರ್ಯವಾಗಿ ಎರಡರಷ್ಟು ತರಿಸಿ.

ಚಿಂತಾಮಣಿಯ ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕರು: ವರ್ತಕರು ಹೇಳಿದ ದಿಕ್ಕು ಸರಿ, ಅಳತೆ ತಪ್ಪು. ಮಗನ ಅಂಗಡಿಯ ಪುಸ್ತಕದಲ್ಲಿ ಬರೆದಿಟ್ಟ ಒಂದು ಲೆಕ್ಕವನ್ನು ನೋಡಿ. ಟೊಮೆಟೊ ಕೆಜಿಗೆ 40ರಿಂದ 80ಕ್ಕೆ ಏರಿದ ವಾರ ಹುಣಸೆಹಣ್ಣಿನ ಮಾರಾಟ 10 ಕೆಜಿಯಿಂದ 12 ಕೆಜಿಗೆ ಹೋಯಿತು. ಅಂದರೆ ಟೊಮೆಟೊ ದರ ನೂರಕ್ಕೆ ನೂರು ಏರಿದರೂ ಹುಣಸೆಯ ಬೇಡಿಕೆ ಏರಿದ್ದು ನೂರಕ್ಕೆ ಇಪ್ಪತ್ತು ಮಾತ್ರ. ತಿಳಿಸಾರಿಗೆ, ಹುಳಿಗೆ ಟೊಮೆಟೊ ಬದಲು ಹುಣಸೆ ನಡೆಯುತ್ತದೆ, ಆದರೆ ಟೊಮೆಟೊ ಬಾತಿಗೆ ನಡೆಯುವುದಿಲ್ಲ. ಬಾತನ್ನೇ ಕೈಬಿಡುತ್ತಾರೆ, ಅದರ ಜೊತೆಗೆ ಹೋಗುತ್ತಿದ್ದ ಸೊಪ್ಪೂ ಉಳಿಯುತ್ತದೆ. ಆ ವಾರ ಕೊತ್ತಂಬರಿ 300 ಕಟ್ಟಿನಿಂದ 270ಕ್ಕೆ ಇಳಿದಿತ್ತು. ಎರಡರಷ್ಟು ಹುಣಸೆ ತರಿಸಿದ್ದರೆ 8 ಕೆಜಿ ಉಳಿದು, ಮಳೆಗಾಲದಲ್ಲಿ ತೇವ ಎಳೆದುಕೊಂಡು ಕಪ್ಪಾಗುತ್ತಿತ್ತು.

ಇಲ್ಲೊಂದು ಎಚ್ಚರಿಕೆ ಬೇಕು. ಟೊಮೆಟೊ ಕೆಡಿಸಿದ ಮಳೆಯೇ ಸೊಪ್ಪಿನ ದರವನ್ನೂ ಏರಿಸಿದರೆ, ಸೊಪ್ಪು ಮಾರಾಟವಾಗದಿರುವುದಕ್ಕೆ ಅದರ ಸ್ವಂತ ದರವೇ ಕಾರಣವಿರಬಹುದು. ಆದ್ದರಿಂದ ಸೊಪ್ಪಿನ, ಹುಣಸೆಯ ದರ ಕದಲದೆ ಟೊಮೆಟೊ ಮಾತ್ರ ಏರಿದ ವಾರಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ನಾನು ಹೇಳಿದ್ದು ಅಂಥದೊಂದು ವಾರ. ಒಂದೇ ವಾರವೆಂಬುದನ್ನೂ ಮರೆಯಬೇಡಿ.

ತುಮಕೂರಿನ ಹೋಟೆಲಿನವರು: ನಮ್ಮಲ್ಲಿ ತೆಂಗಿನಕಾಯಿ ದುಬಾರಿಯಾದಾಗ ಚಟ್ನಿಗೆ ಹುರಿಗಡಲೆ ಹೆಚ್ಚಿಸಿದೆವು, ಗಿರಾಕಿಗಳು ಗೊಣಗಿದರೂ ಇಡ್ಲಿ ಬಿಡಲಿಲ್ಲ. ನೀವೂ ಕೊತ್ತಂಬರಿ ಕಡಿಮೆ ಮಾಡಬೇಡಿ ಎಂದೇ ನನ್ನ ಸಲಹೆ.

ಪ್ರಶ್ನೆ ಕೇಳಿದವರು: ಸಾರ್, ಹುಣಸೆ ದರ ಏರಿದರೆ ಟೊಮೆಟೊ ಮಾರಾಟವೂ ಹೀಗೆಯೇ ಏರುತ್ತದೆಯೇ?

ಉಪನ್ಯಾಸಕರು: ಅಷ್ಟಾಗಿ ಏರುವುದಿಲ್ಲ. ಒಂದು ಸಾರಿಗೆ ನಿಂಬೆಗಾತ್ರದ ಹುಣಸೆ ಸಾಕು, ಅನೇಕರು ವರ್ಷಕ್ಕಾಗುವಷ್ಟನ್ನು ಸುಗ್ಗಿಯಲ್ಲೇ ಉಪ್ಪು ಬೆರೆಸಿ ತುಂಬಿಟ್ಟಿರುತ್ತಾರೆ. ದರ ಏರಿದ್ದು ಅವರಿಗೆ ತಟ್ಟುವುದೇ ಇಲ್ಲ. ಹೋಟೆಲಿನವರ ಮಾತು ಅವರಿಗೆ ಸರಿ, ಏಕೆಂದರೆ ಅವರ ಇಡ್ಲಿಯ ದರ ಬದಲಾಗಿರಲಿಲ್ಲ. ನನಗೆ ಇನ್ನೂ ಬಗೆಹರಿಯದಿರುವುದು ಈರುಳ್ಳಿ: ಬಾತಿಗೆ ಅದು ಟೊಮೆಟೊದ ಜೊತೆಗಾರ, ಗೊಜ್ಜು ಮಾಡುವ ಮನೆಯಲ್ಲಿ ಅದೇ ಟೊಮೆಟೊದ ಬದಲಿ. ನಿಮ್ಮ ಗಿರಾಕಿಗಳಲ್ಲಿ ಯಾವ ಮನೆಗಳು ಹೆಚ್ಚು ಎಂಬುದು ನಿಮ್ಮ ಪುಸ್ತಕದಲ್ಲೇ ಕಾಣಬೇಕು.