ತೇಗದ ಎಲೆ ಉದುರುವ ಸರಾಸರಿ ದಿನ ಆಗಸ್ಟ್ ಅಂತ ಬರ್ತಿದೆ! ಎಲ್ಲಿ ತಪ್ಪಿದೆ?

ಎಲೆಲೆಕ್ಕ

ಎಲ್ಲರಿಗೂ ನಮಸ್ಕಾರ. ಕ್ಲಾಸ್ ಪ್ರಾಜೆಕ್ಟ್‌ಗೆ ಬಂಡೀಪುರದ ಕಡೆಯ ಎಲೆ ಉದುರುವ ಕಾಡಿನ ಅಂಚಿನಲ್ಲಿ 26 ತೇಗ, 9 ಮುತ್ತುಗದ ಮರಗಳನ್ನು ಎರಡು ವರ್ಷದಿಂದ ನೋಡುತ್ತಿದ್ದೇವೆ. ಪ್ರತಿ ಭಾನುವಾರ ಹೋಗಿ ಎಲೆ ಎಷ್ಟಿದೆ, ಚಿಗುರು ಇದೆಯಾ, ಹೂ ಇದೆಯಾ ಅಂತ 0 ರಿಂದ 4 ರವರೆಗೆ ಅಂಕ ಕೊಡುತ್ತೇವೆ. ಅರ್ಧಕ್ಕಿಂತ ಜಾಸ್ತಿ ಎಲೆ ಹೋದದ್ದು ಕಂಡ ಮೊದಲ ಭಾನುವಾರವನ್ನೇ 'ಎಲೆ ಉದುರಿದ ದಿನ' ಅಂತ ಬರೆದುಕೊಳ್ಳುತ್ತೇವೆ.

ಈಗ ತೊಂದರೆ ಏನೆಂದರೆ, ತೇಗದ ಸರಾಸರಿ ದಿನ ತೆಗೆದರೆ ಆಗಸ್ಟ್ ಬರುತ್ತಿದೆ. ಆಗಸ್ಟ್‌ನಲ್ಲಿ ಕಾಡು ಪೂರ್ತಿ ಹಸಿರು, ನಾನೇ ಕಣ್ಣಾರೆ ನೋಡಿದ್ದೇನೆ. ಇಳಿಜಾರಿನ ಐದು ಮರಗಳ ದಿನ ಮಾತ್ರ ಹಾಕುತ್ತೇನೆ, ಜನವರಿ 1 ಅಂದರೆ 1 ಅಂತ ಎಣಿಸಿದ್ದು: 345, 352, 359, 8, 15. ಕೂಡಿ ಐದರಿಂದ ಭಾಗಿಸಿದರೆ 215.8.

ಎರಡನೇದು, ತಿಂಗಳ ಮಳೆಗೂ ಎಲೆ ಇಲ್ಲದ ಮರಗಳ ಪಾಲಿಗೂ ಕೋರಿಲೇಶನ್ -0.7 ಬರುತ್ತದೆ, p ಅಂತೂ ಸೊನ್ನೆಗೆ ಹತ್ತಿರ. ಹೂವಿಗೆ ಮಾತ್ರ ಏನೂ ಇಲ್ಲ, 0.05. ಮೇಡಂ "ಮುಂಗಾರಿನ ಸಂಬಂಧ ತೋರಿಸಿ" ಅಂದಿದ್ದಾರೆ. ಸೋಮವಾರ ತೋರಿಸಬೇಕು.

ಹಳ್ಳದದಂಡೆ

ನಿಮ್ಮ ಡೇಟಾ ಸರಿಯಾಗಿಯೇ ಇದೆ, ಕ್ಯಾಲೆಂಡರ್ ಅಡ್ಡ ಬಂದಿದೆ ಅಷ್ಟೇ. 359 ಅಂದರೆ ಡಿಸೆಂಬರ್ 25, 8 ಅಂದರೆ ಜನವರಿ 8. ಮರದ ಲೆಕ್ಕದಲ್ಲಿ ನಡುವೆ ಎರಡೇ ವಾರ. ಎಕ್ಸೆಲ್‌ಗೆ ಅದು ಗೊತ್ತಿಲ್ಲ, ಅದರ ಪಾಲಿಗೆ 351 ದಿನದ ಅಂತರ. ಹೊಸ ವರ್ಷದ ಆಚೆ ಈಚೆ ಹರಡಿಕೊಂಡ ದಿನಗಳ ಸರಾಸರಿ ತೆಗೆದರೆ ವರ್ಷದ ಮಧ್ಯಕ್ಕೆ ಬಂದು ಬೀಳುತ್ತದೆ. ನೀವು ಕಾಡು ನೋಡಿದ್ದರಿಂದ ಅನುಮಾನ ಬಂತು, ನೋಡದವರು ಆಗಸ್ಟ್ ಅಂತಲೇ ಬರೆದು ಕೊಡುತ್ತಾರೆ!

ವರ್ಷವನ್ನು ಗಡಿಯಾರದ ಮುಖದ ಹಾಗೆ ದುಂಡಗೆ ಭಾವಿಸಿ, ಪ್ರತಿ ದಿನವನ್ನು ಒಂದು ಕೋನ ಮಾಡಿ, ಆ ಕೋನಗಳ ದಿಕ್ಕಿನ ಸರಾಸರಿ ತೆಗೆಯಿರಿ. R ನಲ್ಲಿ:

```r
d <- c(345, 352, 359, 8, 15)
a <- d * 2 * pi / 365
S <- mean(sin(a)); C <- mean(cos(a))
(atan2(S, C) * 365 / (2 * pi)) %% 365
sqrt(S^2 + C^2)
```

ಮೊದಲನೆಯದು 361.8 ಬರಬೇಕು, ಅಂದರೆ ಡಿಸೆಂಬರ್ 28ರ ಹತ್ತಿರ. ಎರಡನೆಯದು 0.975 ಸುಮಾರು. ಅದು 1ಕ್ಕೆ ಹತ್ತಿರ ಇದ್ದರೆ ಮರಗಳೆಲ್ಲ ಒಟ್ಟಿಗೆ ಉದುರಿಸಿವೆ ಅಂತ, 0ಗೆ ಹತ್ತಿರ ಇದ್ದರೆ ವರ್ಷವಿಡೀ ಚದುರಿವೆ ಅಂತ. ಆಗ ಸರಾಸರಿ ದಿನವನ್ನೇ ನಂಬಬೇಡಿ.

ಜೂನ್‌ಒಂದು

ಇಷ್ಟೆಲ್ಲ ಸೈನ್ ಕೊಸೈನ್ ಯಾಕೆ ಸ್ವಾಮಿ? ವರ್ಷವನ್ನು ಜೂನ್ 1ರಿಂದ ಶುರು ಮಾಡಿ. ಡಿಸೆಂಬರ್ ಜನವರಿ ಎರಡೂ ಮಧ್ಯಕ್ಕೆ ಬರುತ್ತವೆ, ಮಾಮೂಲಿ ಸರಾಸರಿ ಸಾಕು. ಮಳೆಗೆ ಎರಡು ತಿಂಗಳು ಲ್ಯಾಗ್ ಕೊಡಿ, ಅಂದರೆ ಎರಡು ತಿಂಗಳ ಹಿಂದಿನ ಮಳೆಯ ಜೊತೆ ಹೋಲಿಸಿ, ಹೂವಿನದೂ ಸರಿಹೋಗುತ್ತದೆ. ಕಾಫಿಗೆ ಹಾಗೇ ಅಲ್ವಾ, ಮಳೆ ಮೊದಲು, ಹೂ ಆಮೇಲೆ.

ತೋಟದಮನೆ

ಕಾಫಿ ಮಾತು ಬಂತಲ್ಲ, ಕೇಳಿಬಿಡುತ್ತೇನೆ. ನಮ್ಮಲ್ಲಿ ಈ ಸಲ ಮಾರ್ಚ್‌ನಲ್ಲಿ ಬರೀ 8 ಮಿಲಿಮೀಟರ್ ಮಳೆ ಆಯಿತು. ರೊಬಸ್ಟಾ ಮೊಗ್ಗು ಅರ್ಧಂಬರ್ಧ ಅರಳಿ ನಿಂತುಬಿಟ್ಟಿದೆ. ಸ್ಪ್ರಿಂಕ್ಲರ್ ಹಾಕಲೋ, ಇನ್ನೊಂದು ಮಳೆ ಕಾಯಲೋ? ಇದೂ ಈ ಪ್ರಾಜೆಕ್ಟ್‌ನ ವಿಷಯವೇ ಅನ್ನಿಸಿತು.

ಎಲೆಲೆಕ್ಕ

ಸರ್, ನನಗೆ R ಬರುವುದಿಲ್ಲ, ಅದನ್ನೇ ಎಕ್ಸೆಲ್‌ನಲ್ಲಿ ಮಾಡಿದೆ. ಆದರೆ ದಿನ 94 ಬಂತು, ಏಪ್ರಿಲ್ 4! ಆಗಸ್ಟ್ ಹೋಗಿ ಏಪ್ರಿಲ್ ಬಂತು. ಏಪ್ರಿಲ್‌ನಲ್ಲಿ ತೇಗ ಚಿಗುರುತ್ತಾ ಇರುತ್ತದೆ. ನಾನು ಹಾಕಿದ್ದು:

```
=MOD(ATAN2(C2,C1)*365/(2*PI()),365)
```

C1 ನಲ್ಲಿ ಕೊಸೈನ್ ಮೊತ್ತ, C2 ನಲ್ಲಿ ಸೈನ್ ಮೊತ್ತ.

ಹಳ್ಳದದಂಡೆ

ಸರ್ ಅಲ್ಲಪ್ಪ, ಅಕ್ಕ ಅನ್ನಿ ಸಾಕು.

R ನಲ್ಲಿ atan2 ಗೆ ಸೈನ್ ಮೊದಲು ಕೊಡಬೇಕು. ಎಕ್ಸೆಲ್‌ನಲ್ಲಿ ತಿರುವುಮುರುವು, ಕೊಸೈನ್ ಮೊದಲು. ಲಿಬ್ರೆಆಫೀಸ್ ಕೂಡ ಎಕ್ಸೆಲ್ ದಾರಿಯನ್ನೇ ಹಿಡಿದಿದೆ. ಹೀಗೆ ಬದಲಿಸಿ:

```
=MOD(ATAN2(C1,C2)*365/(2*PI()),365)
```

ಈ ತಪ್ಪಿನ ಕೆಟ್ಟ ಗುಣ ಏನೆಂದರೆ ಎರರ್ ಏನೂ ಬರುವುದಿಲ್ಲ, ಸುಮ್ನೆ ಬೇರೆ ದಿನ ಕೊಡುತ್ತದೆ. ಮೊದಲು ಐದೂ ಸಾಲಿನಲ್ಲಿ 10 ಅಂತ ತುಂಬಿ ನೋಡಿ. 10 ಬಂದರೆ ಸೂತ್ರ ಸರಿ.

ಜೂನ್‌ಒಂದು ಹೇಳಿದ್ದು ಎಲೆಯ ಮಟ್ಟಿಗೆ ಸರಿ, ನಾನೂ ಎಷ್ಟೋ ಸಲ ಹಾಗೇ ಮಾಡಿದ್ದೇನೆ. ಆದರೆ ತೇಗ ಹೂ ಬಿಡುವುದು ಮಳೆಗಾಲದಲ್ಲಿ, ಹೆಚ್ಚಾಗಿ ಜೂನ್‌ನಿಂದ ಆಗಸ್ಟ್. ಒಂದೆರಡು ಮರ ಮೇ ಕೊನೆಗೇ ಶುರು ಹಚ್ಚಿಕೊಂಡರೆ ಜೂನ್ 1ರ ಗೆರೆ ಹೂವಿನ ಕಾಲವನ್ನೇ ಎರಡು ತುಂಡು ಮಾಡುತ್ತದೆ, ಅದೇ ರಗಳೆ ಇನ್ನೊಂದು ತಿಂಗಳಿಗೆ ಹೋಗುತ್ತದೆ. ವರ್ಷ ಕತ್ತರಿಸುವುದಾದರೆ ಆ ಮರ ಆ ಕೆಲಸ ಮಾಡದ ತಿಂಗಳಲ್ಲಿ ಕತ್ತರಿಸಿ. ಎಲೆಗೆ ಒಂದು ಗೆರೆ, ಹೂವಿಗೆ ಇನ್ನೊಂದು.

ಹೂವಿನ 0.05 ಬಗ್ಗೆ ಒಂದು ಪ್ರಶ್ನೆ. ಎರಡು ಜಾತಿಯನ್ನೂ ಸೇರಿಸಿ ಲೆಕ್ಕ ಹಾಕಿದಿರಾ?

ಎಲೆಲೆಕ್ಕ

ಈಗ 361.8 ಬಂತು ಅಕ್ಕ! 10 ತುಂಬಿ ನೋಡಿದೆ, 10 ಬಂತು.

ಹೌದು, 'ಹೂ ಇರುವ ಮರಗಳ ಪಾಲು' ಅಂತ ಒಂದೇ ಕಾಲಂ ಇದೆ. ತೇಗ, ಮುತ್ತುಗ ಎರಡೂ ಅದರಲ್ಲೇ. ತೇಗದ ಮರ ಜಾಸ್ತಿ ಇವೆಯಲ್ಲ, ಅದಕ್ಕೇ ಎರಡಕ್ಕೂ ಸಮ ತೂಕ ಬರಲಿ ಅಂತ ಜಾತಿವಾರು ಪಾಲು ತೆಗೆದು ಸರಾಸರಿ ಮಾಡಿದೆ.

ಹಳ್ಳದದಂಡೆ

ಅಲ್ಲೇ ಕೆಟ್ಟಿತು. ಮುತ್ತುಗ ಫೆಬ್ರವರಿ, ಮಾರ್ಚ್‌ನಲ್ಲಿ ಬೋಳು ಕೊಂಬೆಯ ಮೇಲೆ ಕೆಂಡ ಹಚ್ಚಿದ ಹಾಗೆ ಅರಳುತ್ತದೆ, ಆಗ ಮಳೆ ಇರುವುದೇ ಅಪರೂಪ. ತೇಗ ಜಿಟಿಜಿಟಿ ಮಳೆಯಲ್ಲಿ ಹೂ ಬಿಡುತ್ತದೆ. ಒಂದು ಮೈನಸ್ ಕಡೆ ಎಳೆಯುತ್ತದೆ, ಇನ್ನೊಂದು ಪ್ಲಸ್ ಕಡೆ. ಸೇರಿಸಿದರೆ ಸೊನ್ನೆ ಬರದೆ ಇನ್ನೇನು? ಸರಾಸರಿ ದಿನವೂ ಅಷ್ಟೇ. ಮುತ್ತುಗ ಫೆಬ್ರವರಿ 25, ತೇಗ ಜುಲೈ 10 ಅಂತ ಇಟ್ಟುಕೊಂಡರೆ ಮಧ್ಯದ ದಿನ ಮೇ 3. ಆ ದಿನ ಕಾಡಿಗೆ ಹೋದರೆ ನಿಮಗೆ ಸಿಗುವುದು ಕಕ್ಕೆ ಹೂ, ನಿಮ್ಮ ಎರಡು ಮರಗಳದ್ದೂ ಅಲ್ಲ. ಜಾತಿ ಬೇರೆ ಮಾಡಿ ಗ್ರಾಫ್ ಹಾಕಿ.

ಇನ್ನು -0.7. ಅದನ್ನು ನೋಡಿ ಖುಷಿಪಡಬೇಡಿ. ಎಲೆಯೂ ವರ್ಷಕ್ಕೊಮ್ಮೆ ಸುತ್ತುತ್ತದೆ, ಮಳೆಯೂ ವರ್ಷಕ್ಕೊಮ್ಮೆ ಸುತ್ತುತ್ತದೆ. ವರ್ಷಕ್ಕೊಮ್ಮೆ ಸುತ್ತುವ ಯಾವ ಎರಡನ್ನು ಜೋಡಿಸಿದರೂ ಹೆಚ್ಚಿನ ಸಲ ಕೋರಿಲೇಶನ್ ಸಿಗುತ್ತದೆ. ನಿಮ್ಮ ಊರಿನ ಹಗಲಿನ ಉದ್ದ ಹಾಕಿ ನೋಡಿ, ಅದಕ್ಕೂ ಏನೋ ಒಂದು ಬರುತ್ತದೆ. p ಅಷ್ಟು ಸಣ್ಣದಾಗಿದ್ದರೆ ಪ್ರತಿ ಮರ, ಪ್ರತಿ ತಿಂಗಳು ಒಂದೊಂದು ಸಾಲು ಮಾಡಿರಬೇಕು. ಸಾಲು ಎಷ್ಟೇ ಇರಲಿ, ಮಳೆಯ ಅಂಕಿ ಇರುವುದು 24 ಮಾತ್ರ. ವರ್ಷ ಅಂತ ನೋಡಿದರೆ ಎರಡೇ.

ಜೂನ್‌ಒಂದು

ಅದಕ್ಕೇ ಹೇಳಿದ್ದು, ಲ್ಯಾಗ್ ಕೊಡಿ ಅಂತ. R ನಲ್ಲಿ ccf ಓಡಿಸಿ, ಅದು ಒಂದೊಂದು ಲ್ಯಾಗ್‌ಗೂ ಕೋರಿಲೇಶನ್ ಕೊಡುತ್ತದೆ, ಯಾವುದಕ್ಕೆ ಜಾಸ್ತಿ ಬರುತ್ತದೋ ಅದೇ ಉತ್ತರ.

ಹಳ್ಳದದಂಡೆ

24 ತಿಂಗಳಿಗೆ ಹನ್ನೆರಡು ಲ್ಯಾಗ್ ಹುಡುಕಿದರೆ ಒಂದಲ್ಲ ಒಂದು ಸಿಕ್ಕೇ ಸಿಗುತ್ತದೆ. ಚಿಗುರಿಗೆ ಇದನ್ನೇ ಮಾಡಿ ನೋಡಿ, ತಮಾಷೆ ಗೊತ್ತಾಗುತ್ತದೆ. ಈ ಕಾಡಿನ ಎಷ್ಟೋ ಮರಗಳು ಮುಂಗಾರು ಬರುವ ಮೊದಲೇ, ಸುಡುಬಿಸಿಲಿನಲ್ಲೇ ಚಿಗುರುತ್ತವೆ. ಆಗ ನಿಮ್ಮ ccf ಜೂನ್ ಮಳೆ ಏಪ್ರಿಲ್ ಚಿಗುರಿಗೆ ಕಾರಣ ಅಂತ ಹೇಳುತ್ತದೆ.

ಕಾಫಿಗೆ ಲ್ಯಾಗ್ ಸರಿ, ಅಲ್ಲಿ ಮೊಗ್ಗು ತಯಾರಾಗಿ ಒಣ ಹವೆಯಲ್ಲಿ ಕಾದು ಕೂತಿರುತ್ತದೆ, ಮಳೆ ಬಿದ್ದ ಹತ್ತು ದಿನದ ಆಸುಪಾಸಿನಲ್ಲಿ ಅರಳುತ್ತದೆ. ಅಲ್ಲಿ ಮಳೆಯೇ ಬೀಗದ ಕೈ. (ತೋಟದಮನೆಯವರೆ, ಹೂಮಳೆ 20-25 ಮಿಲಿಮೀಟರ್ ಆದರೂ ಬೇಕು, 8 ಸಾಲದು. ನೀರಿದ್ದರೆ ಸ್ಪ್ರಿಂಕ್ಲರ್ ಅಂತ ನಾನಾದರೆ ಅನ್ನುತ್ತಿದ್ದೆ, ಆದರೆ ಅರ್ಧ ಅರಳಿದ್ದರ ಬಗ್ಗೆ ಬೆಳೆಗಾರರನ್ನೇ ಕೇಳಿ. ಬೇರೆ ಪೋಸ್ಟ್ ಹಾಕಿದರೆ ಒಳ್ಳೆಯದು.)

ಎಲೆ ಉದುರುವುದು ಬೇರೆ ಕಥೆ. ಮಳೆ ನಿಂತ ದಿನ ಮರಕ್ಕೇನೂ ಆಗುವುದಿಲ್ಲ, ಬೇರಿನ ಸುತ್ತ ಉಳಿದ ನೀರು ಮುಗಿಯುತ್ತಾ ಬಂದಾಗ ಆಗುತ್ತದೆ. ಎರಡು ವರ್ಷದಲ್ಲಿ ಅದನ್ನು ವರ್ಷ ವರ್ಷ ಹೋಲಿಸಿ ತೋರಿಸಲು ಆಗುವುದಿಲ್ಲ. ಒಂದೇ ಮಳೆಯ ಕೆಳಗೆ ಬೇರೆ ಬೇರೆ ತೇವದ ಜಾಗದಲ್ಲಿ ನಿಂತ ಮರಗಳು ಇದ್ದರೆ ಮಾತ್ರ ದಾರಿ ಇದೆ. ನಿಮ್ಮ ತೇಗ ಎಲ್ಲ ಇಳಿಜಾರಿನಲ್ಲೇ ಇವೆಯಾ?

ಎಲೆಲೆಕ್ಕ

ಇಲ್ಲ ಅಕ್ಕ, 14 ಇಳಿಜಾರಿನಲ್ಲಿ, 12 ಹಳ್ಳದ ಪಕ್ಕ. ಈಗ ಬೇರೆ ಬೇರೆ ಮಾಡಿ ಕೋನದ ಸರಾಸರಿ ತೆಗೆದೆ. ಇಳಿಜಾರಿನದು ಡಿಸೆಂಬರ್ 30, ಹಳ್ಳದ್ದು ಜನವರಿ 21. ಎರಡು ವರ್ಷವೂ ಹಳ್ಳದ್ದೇ ತಡ. ಮಳೆ ಸೆಪ್ಟೆಂಬರ್ 30ಕ್ಕೆ ನಿಂತಿತು ಅಂತ ಇಟ್ಟುಕೊಂಡು ಅಲ್ಲಿಂದ ಎಣಿಸಿದರೆ ಇಳಿಜಾರು 91 ದಿನ, ಹಳ್ಳ 113.

ಹಳ್ಳದದಂಡೆ

ಇದು ನಿಮ್ಮ ಪ್ರಾಜೆಕ್ಟ್! ಮೂರು ವಾರದ ವ್ಯತ್ಯಾಸ, ಮಳೆ ಒಂದೇ. ವಾರಕ್ಕೊಮ್ಮೆ ನೋಡಿದ್ದರಿಂದ ಮೂರು ವಾರ ಅಂತ ಧೈರ್ಯವಾಗಿ ಹೇಳಬಹುದು, ತಿಂಗಳಿಗೊಮ್ಮೆ ನೋಡಿದ್ದರೆ ಹೇಳಲು ಆಗುತ್ತಿರಲಿಲ್ಲ. ಇನ್ನೊಂದು ಚಿಕ್ಕ ತಿದ್ದುಪಡಿ: ನೀವು ಬರೆದದ್ದು ಕಂಡ ದಿನ, ಆದದ್ದು ಅದರ ಹಿಂದಿನ ಏಳು ದಿನದಲ್ಲಿ. ಎಲ್ಲದರಿಂದ ಮೂರು ದಿನ ಕಳೆದರೆ ಸರಿಹೋಗುತ್ತದೆ.

ಆದರೆ ಸೆಪ್ಟೆಂಬರ್ 30 ಬಿಟ್ಟುಬಿಡಿ. ಆ ಕಡೆ ಅಕ್ಟೋಬರ್‌ನಲ್ಲಿ ಹಿಂಗಾರು ಚೆನ್ನಾಗಿಯೇ ಸುರಿಯುತ್ತದೆ, ಮರ ಆ ನೀರನ್ನೂ ಕುಡಿಯುತ್ತದೆ. ದಿನದ ಮಳೆ ತೆಗೆದುಕೊಂಡು, ಹಿಂದಿನ 30 ದಿನದ ಮೊತ್ತ 50 ಮಿಲಿಮೀಟರ್‌ಗಿಂತ ಕೆಳಗಿಳಿದು ಮತ್ತೆ ಮೇಲೇಳದ ದಿನವನ್ನು ಒಣಗಾಲದ ಮೊದಲ ದಿನ ಅಂತ ಇಡಿ. 50 ಅನ್ನುವುದು ನನ್ನ ಅಂದಾಜು. 30, 70 ಹಾಕಿಯೂ ನೋಡಿ, ತೀರ್ಮಾನ ಬದಲಾದರೆ ಅದನ್ನೂ ಬರೆಯಿರಿ. ಮಳೆ ಅಂಕಿ ಎಲ್ಲಿಯದು?

ಎಲೆಲೆಕ್ಕ

ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್.

ಹಳ್ಳದದಂಡೆ

ಆ ಒಂದು ಚೌಕ ಸುಮಾರು 27 ಕಿಲೋಮೀಟರ್ ಅಗಲ. ನೀವಿರುವುದು ಘಟ್ಟದ ಮಳೆನೆರಳಿನಲ್ಲಿ, ಅಷ್ಟು ದೂರದಲ್ಲಿ ಮಳೆ ಎಷ್ಟೋ ಬದಲಾಗುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಹೋಬಳಿ, ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಇವೆ. ಹತ್ತಿರದ್ದರ ಅಂಕಿ ಕೇಳಿ ನೋಡಿ. ಸೋಮವಾರಕ್ಕೆ ಸಿಗುವುದಿಲ್ಲ, ಈಗ ಗ್ರಿಡ್ ಅಂತಲೇ ಹೇಳಿ ಒಪ್ಪಿಸಿ.

ಜೂನ್‌ಒಂದು

ಹಳ್ಳದ ಮರ ದಪ್ಪ, ಬೇರು ಆಳ ಇರಬಹುದಲ್ಲ? ನೆರಳೂ ಇರುತ್ತದೆ. ಅದು ಮಣ್ಣಿನ ತೇವವೇ ಅಂತ ಹೇಗೆ ಹೇಳುತ್ತೀರಿ? ಮತ್ತೆ ಮಳೆಗೆ ಮೊದಲೇ ಚಿಗುರುತ್ತದೆ ಅಂದಿರಿ, ನಮ್ಮ ಕಡೆ ಭರಣಿ ಮಳೆ ಬಿದ್ದ ಮೇಲೇ ಕಾಡು ಹಸಿರಾಗುವುದು. ನಾನು ನೋಡಿದ್ದೇನೆ.

ಹಳ್ಳದದಂಡೆ

ಮೊದಲನೆಯದು ಒಳ್ಳೆಯ ಪ್ರಶ್ನೆ, ಒಪ್ಪಿದೆ. ಕಾಂಡದ ಸುತ್ತಳತೆ ಅಳೆದು, ಒಂದೇ ದಪ್ಪದ ಮರಗಳನ್ನು ಮಾತ್ರ ಹೋಲಿಸಿದರೆ ಸ್ವಲ್ಪ ಗೊತ್ತಾಗುತ್ತದೆ. ನೆರಳಿಗೆ ನನ್ನ ಹತ್ತಿರ ಉತ್ತರ ಇಲ್ಲ.

ಚಿಗುರಿನದು ಇನ್ನೂ ಜಗಳದ ವಿಷಯವೇ. ಎಲೆ ಹೋದ ಮೇಲೆ ನೀರು ಆವಿಯಾಗುವ ದಾರಿ ಮುಚ್ಚುತ್ತದೆ, ಆಳದ ಬೇರಿನಿಂದ ಕಾಂಡ ಮತ್ತೆ ನೀರು ತುಂಬಿಕೊಳ್ಳುತ್ತದೆ, ಹಗಲು ಉದ್ದವಾದಾಗ ಚಿಗುರುತ್ತದೆ ಅನ್ನುವವರಿದ್ದಾರೆ. ಬೇಸಿಗೆಯ ಒಂದೆರಡು ಅಡ್ಡಮಳೆಯೇ ಕಾರಣ ಅನ್ನುವವರೂ ಇದ್ದಾರೆ. ಜಾತಿಯಿಂದ ಜಾತಿಗೆ ಬೇರೆ ಇರಬಹುದು. ನೀವು ನೋಡಿದ್ದು ಯಾವ ಮರ? ಮರ ಹಸಿರಾಯಿತೋ, ಕೆಳಗಿನ ಹುಲ್ಲು ಹಸಿರಾಯಿತೋ?

ಜೂನ್‌ಒಂದು

ದೂರದಿಂದ ನೋಡಿದ್ದು. ಹುಲ್ಲೂ ಇರಬಹುದು. ಆದರೂ ಭರಣಿ ಭರಣಿಯೇ.

ಎಲೆಲೆಕ್ಕ

ಅಕ್ಕ, ನಮ್ಮ ಹಾಳೆಯಲ್ಲಿ ಚಿಗುರಿನ ಅಂಕ ವಾರವಾರ ಇದೆ, ಬೇಸಿಗೆ ಮಳೆಯ ದಿನಗಳೂ ಇವೆ. ಈ ವರ್ಷದ್ದು ಈಗಷ್ಟೇ ತೆರೆದು ನೋಡಿದೆ. ಹಳ್ಳದ 12ರಲ್ಲಿ 7 ಮರ ಮೊದಲ ಮಳೆಗೆ ಮುಂಚಿನ ಭಾನುವಾರವೇ ಚಿಗುರಿದ್ದವು. ಇಳಿಜಾರಿನಲ್ಲಿ ಎರಡೇ. ಸುತ್ತಳತೆ ತೆಗೆದಿಲ್ಲ, ಈ ಭಾನುವಾರ ಟೇಪ್ ತಗೊಂಡು ಹೋಗ್ತೀವಿ.