ಅಪ್‌ಡೇಟ್: ತಾತನ ಕೈಗೆ ಕಬ್ಬು ಕೂತಿತು

ನಾನು ಕೇಳಿದ್ದು: "ಊರುಗೋಲು ಹಿಡಿದ ತಾತನ ಕಲರ್ ಫೋಟೋದಲ್ಲಿ ಕೋಲು ತೆಗೆದು ಕಬ್ಬಿನ ಜಲ್ಲೆ ಇಟ್ಟಿದ್ದೀನಿ. ಅಂಟಿಸಿದ ಹಾಗೆ ಕಾಣುತ್ತೆ, ಯಾಕೆ?"

ಸರಿಹೋಯ್ತು. ಮೊದಲ ತಪ್ಪು ದಪ್ಪದ್ದು. ತಾತನ ಬೆರಳು ಮಡಚಿರೋದು ಕೋಲಿನ ಗಾತ್ರಕ್ಕೆ, ನಾನಿಟ್ಟ ಜಲ್ಲೆ ಅದಕ್ಕಿಂತ ದಪ್ಪ. ಬೆರಳು ತಿದ್ದೋಕೆ ಹೋದರೆ ಗೆಣ್ಣು ವಿಕಾರ ಆಗ್ತಿತ್ತು. ಅದಕ್ಕೆ ಮಂಡ್ಯದ ಹತ್ತಿರ ನಮ್ಮ ಗದ್ದೆಗೇ ಹೋಗಿ, ತೆಳ್ಳಗಿನ ಜಲ್ಲೆ ಆರಿಸಿ, ತಾತನ ಫೋಟೋದಲ್ಲಿರೋ ಹಾಗೇ ಎಡಗಡೆ ಮೇಲಿನಿಂದ ಬಿಸಿಲು ಬೀಳುವಾಗ ಮತ್ತೆ ತೆಗೆದೆ. ಆಮೇಲೆ ಬೆರಳುಗಳನ್ನ ಬೇರೆ ಲೇಯರ್‌ಗೆ ಕತ್ತರಿಸಿ ಜಲ್ಲೆಯ ಮೇಲಿಟ್ಟೆ. ಅಂಗೈ ಅದರ ಹಿಂದೆಯೇ ಉಳೀತು.

ಇನ್ನು ನೆರಳು. ಮೊದಲು ಒಂದೇ ದೊಡ್ಡ ಮಸುಕು ನೆರಳು ಹಾಕಿದ್ದೆ, ಜಲ್ಲೆ ತೇಲ್ತಿದ್ದದ್ದು ಅದಕ್ಕೇ. ಈಗ Multiply ಮೋಡ್‌ನಲ್ಲಿ ಎರಡು ಲೇಯರ್: ಬೆರಳು ತಾಗೋ ಅಂಚಿಗೆ, ನನ್ನ ಸ್ಕ್ಯಾನ್ ಅಳತೆಗೆ, 2–3 ಪಿಕ್ಸೆಲ್‌ನ ಗಾಢ ಗೆರೆ, ಅದರ ಕೆಳಗೆ ಮಾಸುತ್ತಾ ಹೋಗೋ ತೆಳು ನೆರಳು. ಬಣ್ಣಕ್ಕೆ ಕಪ್ಪು ಬಿಟ್ಟು ಬೆರಳ ಸಂದಿಯ ಕಡುಗಂದನ್ನೇ ಎತ್ಕೊಂಡೆ. ತಾತನ ಕಿರುಬೆರಳು ಸ್ವಲ್ಪ ಎದ್ದಿದೆ, ಜಲ್ಲೆಗೆ ತಾಗಲ್ಲ. ಅಲ್ಲಿ ಗಾಢ ಗೆರೆ ಅಳಿಸಿದ ಕ್ಷಣವೇ ಹಿಡಿತ ನಿಜ ಅನ್ನಿಸ್ತು.

ಕೊನೆಗೆ ಜಲ್ಲೆಗೂ ಹಳೇ ಫೋಟೋದಷ್ಟೇ ಗ್ರೇನ್ ಸೇರಿಸಿದೆ. ನಾಳೆ ಪ್ರಿಂಟ್.