ಕೊನೆಯ ಸಾಲಿಗೂ ಕಾಣಬೇಕು, ಬಣ್ಣ ಗುರುತಿಸಲಾಗದವರಿಗೂ ತಿಳಿಯಬೇಕು: ಸ್ಲೈಡ್ ಕುರಿತು ನೇತ್ರ ಪರೀಕ್ಷಕಿಯೊಂದಿಗೆ ಪ್ರಶ್ನೋತ್ತರ

ಸಿಂಧನೂರಿನ ತರಬೇತುದಾರರು: ಮೇಡಂ, ಎಡದಂಡೆ ಕಾಲುವೆಯ ನೀರಿನ ಸರದಿಯನ್ನು ರೈತರಿಗೆ ತೋರಿಸಲು ಹದಿನಾಲ್ಕು ವಿತರಣಾ ಕಾಲುವೆಗಳ ಪಟ್ಟಿ ಮಾಡಿದ್ದೆ. ನೀರು ಬಿಡುವ ದಿನಕ್ಕೆ ಹಸಿರು, ಬಂದ್ ಇರುವ ದಿನಕ್ಕೆ ಕೆಂಪು, ಅಕ್ಷರ 14 ಪಾಯಿಂಟ್. ಸಭಾಂಗಣದಲ್ಲಿ ಕೊನೆಯ ಸಾಲು ಪರದೆಯಿಂದ 18 ಮೀಟರ್, ಪರದೆಯ ಎತ್ತರ ಒಂದೂವರೆ ಮೀಟರ್. ಸಭೆ ಮುಗಿದ ಮೇಲೆ ಒಬ್ಬ ಹಿರಿಯರು ಬಂದು, ಪಟ್ಟಿಯ ಎಲ್ಲ ಮನೆಗಳೂ ಒಂದೇ ಬಣ್ಣದಲ್ಲಿದ್ದವಲ್ಲ ಎಂದರು. ಹಿಂದೆ ಕೂತವರು ಏನೂ ಓದಲಾಗಲಿಲ್ಲ ಎಂದರು. ಏನು ಬದಲಿಸಬೇಕು?

ಬಳ್ಳಾರಿಯ ನೇತ್ರ ಪರೀಕ್ಷಕಿ: ಬಂದ್ ಇರುವ ದಿನವನ್ನು ನೀರು ಬರುವ ದಿನವೆಂದು ತಿಳಿದರೆ ಆ ಹಿರಿಯರ ಗದ್ದೆಗೇ ನಷ್ಟ. ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ಮೊದಲು ಅಕ್ಷರದ ಮಾತು. ಅಗಲ ಸ್ಲೈಡ್‌ನ ಎತ್ತರ ಪವರ್‌ಪಾಯಿಂಟ್‌ನಲ್ಲಿ 540 ಪಾಯಿಂಟ್. ಅದು ಒಂದೂವರೆ ಮೀಟರ್ ಪರದೆಯನ್ನು ತುಂಬಿದಾಗ 14 ಪಾಯಿಂಟ್ ಎಂದರೆ ಸುಮಾರು 39 ಮಿಲಿಮೀಟರ್. ಆದರೆ ಅಷ್ಟರಲ್ಲಿ ಗುಣಿತಕ್ಕೂ ಒತ್ತಕ್ಷರಕ್ಕೂ ಜಾಗ ಹೋಗುವುದರಿಂದ ಕನ್ನಡದ ಮೂಲಾಕ್ಷರಕ್ಕೆ ಉಳಿಯುವುದು ಹೆಚ್ಚುಕಡಿಮೆ ಅರ್ಧ, ಅಂದರೆ 20 ಮಿಲಿಮೀಟರ್. ಇದು ಫಾಂಟ್‌ನಿಂದ ಫಾಂಟ್‌ಗೆ ಬದಲಾಗುತ್ತದೆ, ಅಳೆದು ನೋಡಿ. ದೃಷ್ಟಿ ಸರಿಯಿದೆ ಎಂಬರ್ಥದಲ್ಲಿ ನಾವು 6/6 ಎಂದು ಬರೆದುಕೊಡುವ ಕಣ್ಣು 18 ಮೀಟರ್‌ನಿಂದ ಗುರುತಿಸಬಲ್ಲ ಅತಿ ಚಿಕ್ಕ ಅಕ್ಷರವೇ 26 ಮಿಲಿಮೀಟರ್. ಹಾಗಾಗಿ ನಿಮ್ಮ ಪಟ್ಟಿಯನ್ನು ಹಿಂದಿನ ಸಾಲಿನಲ್ಲಿ ಕುಳಿತವರು, 6/6 ಕಣ್ಣಿದ್ದರೂ, ಓದಲು ಸಾಧ್ಯವಿರಲಿಲ್ಲ. ಆಯಾಸವಿಲ್ಲದೆ ಓದಲು ಆ ಮಿತಿಯ ಎರಡು ಮೂರು ಪಟ್ಟು ಬೇಕು. 40 ಪಾಯಿಂಟ್‌ಗಿಂತ ಕೆಳಗೆ ಇಳಿಯಬೇಡಿ. ಆಗ ಒಂದು ಸ್ಲೈಡ್‌ನಲ್ಲಿ ಐದು ಕಾಲುವೆಗಳಷ್ಟೇ ಹಿಡಿಯುತ್ತವೆ. ಪಟ್ಟಿಯನ್ನು ಮೂರು ಸ್ಲೈಡ್ ಮಾಡಿ.

ದೂರದಿಂದ ಮೊದಲು ಅಳಿಸಿಹೋಗುವುದು ಒತ್ತು. ‘ಹಳ್ಳ’ ಹಿಂದಿನ ಸಾಲಿಗೆ ‘ಹಳ’ ಆಗುತ್ತದೆ. ಸಾಲುಗಳನ್ನು ಒತ್ತೊತ್ತಾಗಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಎರಡೂ ಕೆಡುತ್ತವೆ. ದಿನಾಂಕಗಳಿಗೆ ೬ ಮತ್ತು ೯ ಬದಲು 6 ಮತ್ತು 9 ಬಳಸಿ, ಕನ್ನಡ ಅಂಕಿಗಳಲ್ಲಿ ಆ ಎರಡರ ವ್ಯತ್ಯಾಸ ಒಂದು ಸಣ್ಣ ಬಾಲದಲ್ಲಿದೆ.

ಈಗ ಬಣ್ಣ. ಕೆಂಪು–ಹಸಿರು ಗೊಂದಲವಿರುವವರಿಗೆ ಎರಡೂ ಹಳದಿ ಮಿಶ್ರಿತ ಕಂದಿನಂತೆ ಕಾಣುತ್ತವೆ. ಆಗ ನೆರವಿಗೆ ಬರಬಹುದಾದದ್ದು ಹೊಳಪಿನ ವ್ಯತ್ಯಾಸ ಮಾತ್ರ, ಅದೂ ನಿಮ್ಮ ಪಟ್ಟಿಯಲ್ಲಿ ಇದ್ದಿರಲಾರದು: ಅಚ್ಚ ಕೆಂಪು `#FF0000` ಮತ್ತು ಕಡು ಹಸಿರು `#008000` ನಡುವಿನ ಹೊಳಪಿನ ಅನುಪಾತ ಸುಮಾರು 1.3 ಮಾತ್ರ, ಓದುವ ಅಕ್ಷರಕ್ಕೂ ಹಿನ್ನೆಲೆಗೂ 4.5 ಇರಬೇಕೆಂಬುದು ರೂಢಿಯ ಅಳತೆ. ನೀರು ಬಿಡುವ ಮನೆಗೆ ನೀಲಿ `#0072B2` ಹಾಕಿ ಬಿಳಿ ಅಕ್ಷರದಲ್ಲಿ ‘ನೀರು’ ಎಂದು ಬರೆಯಿರಿ. ಬಂದ್ ಇರುವ ಮನೆಗೆ ಕಿತ್ತಳೆ `#E69F00` ಹಾಕಿ ಕಪ್ಪು ಅಕ್ಷರದಲ್ಲಿ ‘ಬಂದ್’ ಎಂದು ಬರೆಯಿರಿ. ಬಣ್ಣ ತಪ್ಪಿದರೂ ಮಾತು ತಪ್ಪಬಾರದು.

ಸಭೆಗೆ ಮೊದಲು ಮನೆಯಲ್ಲೇ ಪರೀಕ್ಷಿಸಬಹುದು. 18 ಮೀಟರ್ ಎಂದರೆ ನಿಮ್ಮ ಪರದೆಯ ಎತ್ತರದ ಹನ್ನೆರಡು ಪಟ್ಟು. ಲ್ಯಾಪ್‌ಟಾಪ್ ಪರದೆಯ ಎತ್ತರ 19 ಸೆಂಟಿಮೀಟರ್ ಇದ್ದರೆ ಅದರ ಹನ್ನೆರಡು ಪಟ್ಟು, ಅಂದರೆ ಏಳೂವರೆ ಅಡಿ ದೂರ ನಿಂತು, ಸ್ಲೈಡನ್ನು ಪೂರ್ತಿ ಪರದೆಗೆ ಹಿಗ್ಗಿಸಿ, ಪಟ್ಟಿಯನ್ನು ಮೊದಲೇ ಕಾಣದವರಿಂದ ಓದಿಸಿ. ನೀವೇ ಓದಿದರೆ ನೆನಪು ಓದುತ್ತದೆ, ಕಣ್ಣಲ್ಲ.

ಗಂಗಾವತಿಯ ಶಿಕ್ಷಕಿ: ಅಕ್ಕಾ, ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರ ಎಲ್ಲ ಕಣ್ಣಿಗೂ ಶ್ರೇಷ್ಠ, ಮುಖ್ಯಾಂಶ ಕೆಂಪಿನಲ್ಲಿರಲಿ ಎಂಬ ಸಂದೇಶ ನಮ್ಮ ಶಾಲೆಯ ಗುಂಪಿಗೆ ಬಂದಿದೆ. ಪಾಲಿಸಬಹುದೇ?

ನೇತ್ರ ಪರೀಕ್ಷಕಿ: ಪಾಲಿಸಬೇಡಿ, ದಯವಿಟ್ಟು ಮುಂದಕ್ಕೂ ಕಳುಹಿಸಬೇಡಿ. ಪ್ರೊಜೆಕ್ಟರ್ ಕಪ್ಪನ್ನು ಚೆಲ್ಲಲಾರದು. ಕಿಟಕಿಯ ಬೆಳಕು ಬಿದ್ದ ಪರದೆ ಎಷ್ಟು ಕಪ್ಪೋ ನಿಮ್ಮ ಕಪ್ಪೂ ಅಷ್ಟೇ. ಹಗಲಿನ ತರಗತಿಯಲ್ಲಿ ಬಿಳಿಯ ಮೇಲೆ ಕಪ್ಪು ಅಕ್ಷರವೇ ನಿಲ್ಲುತ್ತದೆ. ಇನ್ನು ಕಪ್ಪಿನ ಮೇಲಿನ ಕೆಂಪು: ಕೆಂಪನ್ನು ಗ್ರಹಿಸುವ ಶಂಕುಕೋಶ ಕೆಲಸ ಮಾಡದ ಮಗುವಿಗೆ ಕೆಂಪೇ ಮಬ್ಬು, ಆ ಮುಖ್ಯಾಂಶ ಕತ್ತಲಲ್ಲಿ ಕರಗುತ್ತದೆ. ಕೆಂಪು ಲೇಸರ್ ಕಡ್ಡಿಯ ಚುಕ್ಕೆಯೂ ಅಂಥವರಿಗೆ ಸರಿಯಾಗಿ ಕಾಣುವುದಿಲ್ಲ. ಸ್ಲೈಡ್‌ನಲ್ಲೇ ಬಾಣ ಹಾಕಿ.

ಬಳ್ಳಾರಿಯ ಉಪನ್ಯಾಸಕರು: ಇಷ್ಟೆಲ್ಲ ಲೆಕ್ಕ ಏಕೆ? ಸ್ಲೈಡನ್ನು ಗ್ರೇಸ್ಕೇಲ್‌ಗೆ ತಿರುಗಿಸಿ, ಎಲ್ಲವೂ ಬೇರೆಬೇರೆ ಕಂಡರೆ ಆಯಿತು. ನಾನು ಹತ್ತು ವರ್ಷಗಳಿಂದ ಹೀಗೆಯೇ ಮಾಡುತ್ತಿದ್ದೇನೆ.

ಕೊಪ್ಪಳದ ಮುದ್ರಕರು: ಸರ್, ನನಗೇ ಕೆಂಪು ಮಂಕಾಗಿ ಕಾಣುತ್ತದೆ. ನಿಮ್ಮ ಗ್ರೇಸ್ಕೇಲ್‌ನಲ್ಲಿ ಕೆಂಪು ನಡುಬೂದಿಯಾಗಿ, ಕಪ್ಪಿನಿಂದ ದೂರವೇ ಇರುತ್ತದೆ. ನನ್ನ ಕಣ್ಣಿಗೆ ಅದು ಕಪ್ಪಿನ ಪಕ್ಕದಲ್ಲೇ ಇದೆ. ಆಹ್ವಾನ ಪತ್ರಿಕೆಯಲ್ಲಿ ಕಪ್ಪು ಸಾಲುಗಳ ನಡುವೆ ಕೆಂಪಿನಲ್ಲಿದ್ದ ತಿದ್ದುಪಡಿಯನ್ನು ಗುರುತಿಸದೆ ಐನೂರು ಪ್ರತಿ ಹಳೆಯ ಮುಹೂರ್ತದೊಂದಿಗೇ ಅಚ್ಚು ಹಾಕಿದ್ದೇನೆ.

ಉಪನ್ಯಾಸಕರು: ಒಬ್ಬರ ಅನುಭವದಿಂದ ನಿಯಮ ಆಗುವುದಿಲ್ಲ.

ಮುದ್ರಕರು: ಹತ್ತು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯನ್ನಾದರೂ ಕೇಳಿದ್ದೀರಾ, ಕಾಣುತ್ತಿದೆಯೇ ಎಂದು?

ನೇತ್ರ ಪರೀಕ್ಷಕಿ: ಮುದ್ರಕರು ಹೇಳಿದ್ದು ಸರಿ. ಗ್ರೇಸ್ಕೇಲ್ ಪರೀಕ್ಷೆಯಲ್ಲಿ ಸೋತ ಸ್ಲೈಡ್ ಕೆಟ್ಟದ್ದೇ, ಆದರೆ ಗೆದ್ದದ್ದೆಲ್ಲ ಒಳ್ಳೆಯದೆನ್ನಲಾಗದು. ಕೆಂಪು ಇರುವಲ್ಲಿ ಅದನ್ನು ನಂಬಬೇಡಿ.

ಮಾನ್ವಿಯ ಸದಸ್ಯರು: ಅಕ್ಷರ ಎಷ್ಟು ಪಾಯಿಂಟ್ ಇರಬೇಕು ಮೇಡಂ?

ನೇತ್ರ ಪರೀಕ್ಷಕಿ: ಮೇಲೆ ಇದೆ.

ಕಂಪ್ಲಿಯ ಸದಸ್ಯರು: ನನ್ನ ಮಗನಿಗೆ ಬಣ್ಣಗುರುಡು ಎಂದು ಹೇಳಿದ್ದಾರೆ. ಬಣ್ಣದ ಕನ್ನಡಕ ಹಾಕಿ, ದಿನವೂ ಗಜ್ಜರಿ ರಸ ಕುಡಿಸಿದರೆ ಮೂರು ತಿಂಗಳಲ್ಲಿ ಗುಣವಾಗುತ್ತದೆ ಎಂಬ ವಿಡಿಯೊ ಬಂದಿದೆ.

ನೇತ್ರ ಪರೀಕ್ಷಕಿ: ಹುಟ್ಟಿನಿಂದ ಬಂದ ಬಣ್ಣಗುರುಡು ರಸದಿಂದ ಹೋಗದು. ಆ ಕನ್ನಡಕ ಕೆಲವು ಬಣ್ಣಗಳ ನಡುವಿನ ಅಂತರವನ್ನು ಹೆಚ್ಚಿಸಬಹುದು, ಇಲ್ಲದ ದೃಷ್ಟಿಯನ್ನು ತಾರದು. ಇಂಥ ವಿಡಿಯೊಗಳಿಗೆ ಈ ವಾರ ಇದು ನನ್ನ ನಾಲ್ಕನೆಯ ಉತ್ತರ. ಹುಡುಗನ ಶಿಕ್ಷಕರಿಗೆ ವಿಷಯ ತಿಳಿಸಿ, ಹಲಗೆಯ ಮೇಲೆ ಬಣ್ಣದಿಂದ ಮಾತ್ರ ಗುರುತು ಮಾಡಬೇಡಿರೆಂದು ಕೇಳಿಕೊಳ್ಳಿ. ಅಷ್ಟು ಸಾಕು.

ರಾಯಚೂರಿನ ಸದಸ್ಯೆ: ಪ್ರೊಜೆಕ್ಟರ್ ಬದಲು ಎಲ್‌ಇಡಿ ಗೋಡೆ ಇದ್ದರೆ ಹಿನ್ನೆಲೆ ಯಾವುದಿರಬೇಕು?

ಮಾನ್ವಿಯ ಸದಸ್ಯರು: ಮೇಲೆ ಎಂದರೆ ಎಲ್ಲಿ? 24 ಸಾಕಾಗುವುದಿಲ್ಲವೇ?

ಮುದ್ರಕರು: ಓದಿದರೆ ಸಿಗುತ್ತದೆ ರೀ.

ಉಪನ್ಯಾಸಕರು: ಗುಂಪಿನಲ್ಲಿ ಮಾತನಾಡುವ ರೀತಿ ಇದಲ್ಲ.

ನೇತ್ರ ಪರೀಕ್ಷಕಿ: ನಿಮ್ಮ ಕೊನೆಯ ಸಾಲಿನ ದೂರ, ಪರದೆಯ ಎತ್ತರ ಹೇಳದೆ 24 ಸಾಕೇ ಎಂದರೆ ನಾನು ಉತ್ತರಿಸಲಾರೆ.

ಸಿಂಧನೂರಿನ ತರಬೇತುದಾರರು: ಮೇಡಂ, ಏಳೂವರೆ ಅಡಿಯಿಂದ ಮಗಳಿಗೆ ಓದಿಸಿದೆ. ಹಳೆಯ ಪಟ್ಟಿಯಲ್ಲಿ ಒಂದು ದಿನಾಂಕವೂ ಬರಲಿಲ್ಲ. ಹೊಸದರಲ್ಲಿ ಎಲ್ಲ ಓದಿದಳು, ಕೆಳಗಿನ ಸಾಲೂ ಸೇರಿ.

ನೇತ್ರ ಪರೀಕ್ಷಕಿ: ಆ ಕೆಳಗಿನ ಸಾಲನ್ನು ತೆಗೆದು ಮುಂದಿನ ಸ್ಲೈಡ್‌ಗೆ ಹಾಕಿ. ಮನೆಯಲ್ಲಿ ಮಗಳ ಮುಂದೆ ಯಾರ ತಲೆಯೂ ಇರಲಿಲ್ಲ. ಸಮತಟ್ಟಾದ ಸಭಾಂಗಣದಲ್ಲಿ ಪರದೆಯ ಕೆಳಗಿನ ಭಾಗ ಹಿಂದಿನವರಿಗೆ ರುಮಾಲುಗಳ ಮರೆಯಲ್ಲಿರುತ್ತದೆ. ಆ ಹಿರಿಯರು ಮತ್ತೆ ಬಂದರೆ ಯಾವ ಮನೆಯಲ್ಲಿ ನೀರಿದೆ ಎಂದು ಅವರನ್ನೇ ಕೇಳಿ, ಅವರು ಹೇಳಿದ್ದನ್ನು ಇಲ್ಲಿ ಬರೆಯಿರಿ.